ಸಹಸ್ರನಾಮದ ನಡುವೆ ಸಾಲದ ಜಾಹೀರಾತು ಏಕೆ?

ವಿಷ್ಣು ಸಹಸ್ರನಾಮವನ್ನು ಸಮಾಧಾನವಾಗಿ ಹೇಳಿದರೆ ಅರ್ಧ ಗಂಟೆ ಹಿಡಿಯುತ್ತದೆ. ಯೂಟ್ಯೂಬ್‌ನಲ್ಲಿ 8 ನಿಮಿಷ ಮೀರಿದ ವಿಡಿಯೊಗಳ ನಡುನಡುವೆ ಜಾಹೀರಾತು ಸೇರಿಸಲು ಚಾನೆಲ್‌ನವರಿಗೆ ಅವಕಾಶವಿದೆ. 2020ರ ಜುಲೈವರೆಗೆ ಈ ಮಿತಿ 10 ನಿಮಿಷ ಇತ್ತು. ಮೂರು–ನಾಲ್ಕು ನಿಮಿಷದ ದೇವರನಾಮಕ್ಕೆ ಆರಂಭದಲ್ಲಿ ಒಂದು ಜಾಹೀರಾತು ಬಂದು ಹೋಗುತ್ತದೆ, ಅಷ್ಟೆ. ಸಹಸ್ರನಾಮ, ಲಲಿತಾ ಸಹಸ್ರನಾಮ, ಸುಂದರಕಾಂಡದಂಥ ದೀರ್ಘ ಪಾರಾಯಣಗಳಾದರೆ ನಡುವೆಯೇ ತುಂಡಾಗುತ್ತವೆ. ಮನೆಯ ಹಿರಿಯರು ದಿನವೂ ಕೇಳುವುದು ಇಂಥವನ್ನೇ. ಅಂದರೆ ಜಾಹೀರಾತಿನ ಕಾಟ ಎಲ್ಲರಿಗಿಂತ ಹೆಚ್ಚು ತಗಲುವುದು ಅದನ್ನು ಎಲ್ಲರಿಗಿಂತ ಕಡಿಮೆ ಸಹಿಸುವವರಿಗೆ.

ಭಕ್ತಿಯ ಆ್ಯಪ್‌ಗಳ ಕಥೆಯೂ ಹೆಚ್ಚು ಬೇರೆಯಲ್ಲ. ಪ್ಲೇ ಸ್ಟೋರ್‌ನಲ್ಲಿ ಸ್ತೋತ್ರ, ಮಂತ್ರ, ಆರತಿ ಎಂದು ಹುಡುಕಿದರೆ ನೂರಾರು ಸಿಗುತ್ತವೆ. ತೆರೆದ ಕೂಡಲೇ ಗಂಟೆಯ ಸದ್ದು, ಹೂಮಳೆ. ಪರದೆಯ ಕೆಳಗೆ ಆಭರಣದಂಗಡಿಯ ಪಟ್ಟಿ. ಒಂದು ಸ್ತೋತ್ರ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಇಡೀ ಪರದೆ ತುಂಬುವ ಜಾಹೀರಾತು. ಇಂಥ ಪೂರ್ಣಪರದೆಯ ಜಾಹೀರಾತನ್ನು 15 ಸೆಕೆಂಡಿನ ನಂತರವೂ ಮುಚ್ಚಲು ಬಿಡದಿದ್ದರೆ ಅದು ನಿಯಮಬಾಹಿರ ಎಂದು ಗೂಗಲ್ 2022ರ ಸೆಪ್ಟೆಂಬರ್ ಕೊನೆಯಿಂದ ಜಾರಿಗೆ ತಂದಿದೆ. ಆದರೆ 15 ಸೆಕೆಂಡೂ ಕಡಿಮೆಯಲ್ಲ. ಮುಚ್ಚುವ ಗುರುತು ಮೂಲೆಯಲ್ಲಿ ಸಾಸಿವೆಯಷ್ಟಿರುತ್ತದೆ. ನಡುಗುವ ಬೆರಳು ಅದರ ಪಕ್ಕಕ್ಕೆ ಬಿದ್ದರೆ ಇನ್ಯಾವುದೋ ಆ್ಯಪ್ ಇಳಿಸಿಕೊಳ್ಳುವ ಪುಟ ತೆರೆದುಕೊಳ್ಳುತ್ತದೆ.

ಮೈಸೂರಿನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಎಪ್ಪತ್ತೆಂಟು. ‘ಸಹಸ್ರನಾಮದ ಮಧ್ಯೆ ಯಾರೋ ಬಂದು ಸಾಲ ಕೊಡ್ತೀನಿ ಅಂತಾನಲ್ಲೇ, ನನಗ್ಯಾತಕ್ಕೆ ಸಾಲ? ಇದಕ್ಕಿಂತ ಆ ಹಳೇ ಟೇಪ್ ರೆಕಾರ್ಡರೇ ವಾಸಿ’ ಎಂದು ಅವರು ಬೇಸರದಿಂದ ಹೇಳಿದ ಮಾತಿನಲ್ಲೇ ಪರಿಹಾರದ ದಾರಿ ಇತ್ತು. ಕ್ಯಾಸೆಟ್ಟಿನ ಗುಣ ಏನು? ಅದರಲ್ಲಿರುವುದು ಮನೆಯಲ್ಲೇ ಇರುತ್ತದೆ. ಗುಂಡಿ ಒತ್ತಿದರೆ ಅದೇ ಬರುತ್ತದೆ, ಬೇರೇನೂ ಬರುವುದಿಲ್ಲ. ಹಿರಿಯರ ನಿತ್ಯಪೂಜೆಗೆ ಆ್ಯಪ್ ಆಯ್ಕೆ ಮಾಡುವವರು ಮೊದಲು ನೋಡಬೇಕಾದದ್ದು ಈ ಗುಣವನ್ನೇ. ನಕ್ಷತ್ರಗಳ ರೇಟಿಂಗ್, ಲಕ್ಷಾಂತರ ಡೌನ್‌ಲೋಡ್, ಚೆಂದದ ಚಿತ್ರಗಳು ಆಮೇಲಿನ ಮಾತು. ನಿತ್ಯದ ಪಾರಾಯಣವನ್ನು ಇಂಟರ್ನೆಟ್ಟಿನಿಂದ ಪೂರ್ತಿ ಹೊರಗೆ ತಂದರೆ ಜಾಹೀರಾತು ಬರಲು ದಾರಿಯೇ ಉಳಿಯುವುದಿಲ್ಲ.

ಉಚಿತ ಎಂದರೆ ಯಾರು ಕೊಡುತ್ತಿದ್ದಾರೆ?

ಜಾಹೀರಾತು ಆ್ಯಪಿನ ಒಳಗೇ ಕೂತಿರುವುದಿಲ್ಲ. ಆ್ಯಪ್ ತೆರೆದಾಗ ಅದು ಜಾಹೀರಾತು ಜಾಲದ ಸರ್ವರನ್ನು ಸಂಪರ್ಕಿಸುತ್ತದೆ, ಆ ಕ್ಷಣಕ್ಕೆ ಯಾರು ಹೆಚ್ಚು ಹಣ ಕೊಡುತ್ತಾರೋ ಅವರ ಜಾಹೀರಾತು ಇಳಿದು ಬರುತ್ತದೆ. ಆದ್ದರಿಂದ ಸ್ತೋತ್ರಕ್ಕೂ ಅದರ ನಡುವೆ ಬರುವ ಸಾಲದ ಜಾಹೀರಾತಿಗೂ ಸಂಬಂಧವಿಲ್ಲ. ಆ್ಯಪ್ ಮಾಡಿದವರಿಗೂ ಇಂದು ಯಾವುದು ಬರುತ್ತದೆಂದು ಮುಂಚೆ ಗೊತ್ತಿರುವುದಿಲ್ಲ. ಹೆಚ್ಚಿನ ಆ್ಯಪ್‌ಗಳಲ್ಲಿ ಡೇಟಾ ಆರಿಸಿದರೆ ಜಾಹೀರಾತು ನಿಲ್ಲುವುದೂ ಇದೇ ಕಾರಣಕ್ಕೆ. ಆದರೆ ಆಡಿಯೊ ಕೂಡ ಇಂಟರ್ನೆಟ್ಟಿನಿಂದಲೇ ಬರುವ ಆ್ಯಪ್ ಆಗಿದ್ದರೆ ಸ್ತೋತ್ರವೂ ಅದರ ಜೊತೆಗೇ ನಿಂತುಹೋಗುತ್ತದೆ.

ಹಣದ ದಾರಿ ಸಾಮಾನ್ಯವಾಗಿ ನಾಲ್ಕು: ಜಾಹೀರಾತು, ಆ್ಯಪಿನೊಳಗಿನ ಮಾರಾಟ, ಚಂದಾ ಮತ್ತು ದಾನ. ಪ್ಲೇ ಸ್ಟೋರ್‌ನಲ್ಲಿ ಆ್ಯಪಿನ ಹೆಸರಿನ ಕೆಳಗೇ ಸಣ್ಣ ಅಕ್ಷರದಲ್ಲಿ Contains ads ಎಂದಿದ್ದರೆ ಮೊದಲನೆಯದು ಇದೆ ಎಂದರ್ಥ. In-app purchases ಎಂದಿದ್ದರೆ ಒಳಗೆ ಏನನ್ನೋ ಕೊಳ್ಳಲು ಹೇಳುತ್ತಾರೆ. ಎರಡನೆಯದು ಕೆಟ್ಟದ್ದೆಂದೇನಲ್ಲ. ಕೆಲವು ಆ್ಯಪ್‌ಗಳಲ್ಲಿ ಒಮ್ಮೆ ಹಣ ಕೊಟ್ಟರೆ ಜಾಹೀರಾತು ಪೂರ್ತಿ ಹೋಗುತ್ತದೆ. ಒಂದೇ ಸಲ ಕೊಡುವುದೋ, ಪ್ರತಿ ತಿಂಗಳು ತಾನಾಗಿ ಕಡಿತವಾಗುವುದೋ ಎಂಬುದನ್ನು ಕೊಳ್ಳುವ ಮುಂಚೆ ನೋಡಿಕೊಳ್ಳಬೇಕು.

Contains ads ಎಂಬ ಗುರುತು ಇಲ್ಲದ ಮಾತ್ರಕ್ಕೆ ಆ್ಯಪ್ ಸಪ್ಪಳವಿಲ್ಲದ್ದು ಎಂದುಕೊಳ್ಳಬಾರದು. ತನ್ನದೇ ಸೇವೆಯನ್ನು ಮಾರುವ ಆ್ಯಪ್ ಹೊರಗಿನ ಜಾಹೀರಾತು ತೋರಿಸದೆ, ‘ನಿಮ್ಮ ಹೆಸರಿನಲ್ಲಿ ಇಂಥ ಕ್ಷೇತ್ರದಲ್ಲಿ ಪೂಜೆ ಮಾಡಿಸಿ’, ‘ಜ್ಯೋತಿಷಿಯೊಡನೆ ಈಗಲೇ ಮಾತಾಡಿ’ ಎಂದು ಪದೇ ಪದೇ ಕೇಳಬಹುದು. ವಯಸ್ಸಾದವರಿಗೆ ಇದು ಸಾಲದ ಜಾಹೀರಾತಿಗಿಂತ ತೊಡಕಿನದು. ಸಾಲದವನನ್ನು ಅವರು ತಳ್ಳಿಬಿಡುತ್ತಾರೆ. ಪೂಜೆ ಬೇಡ ಎನ್ನಲು ಮನಸ್ಸು ಅಳುಕುತ್ತದೆ. ಹೆಸರು, ಗೋತ್ರ, ನಕ್ಷತ್ರ, ಮೊಬೈಲ್ ನಂಬರು ಬರೆದುಕೊಡುವ ಹೊತ್ತಿಗೆ ಯುಪಿಐ ಪುಟ ಎದುರಿಗಿರುತ್ತದೆ. ಹಿರಿಯರ ಫೋನಿನಲ್ಲಿ ನಿತ್ಯ ಪಾರಾಯಣದ ಆ್ಯಪ್ ಬೇರೆ, ಸೇವೆ ಮಾಡಿಸುವ ಆ್ಯಪ್ ಬೇರೆ ಇರಬೇಕು. ಎರಡನೆಯದು ಮಕ್ಕಳ ಫೋನಿನಲ್ಲಿದ್ದರೆ ಸಾಕು.

ದಾನದಿಂದ ನಡೆಯುವ ಕೆಲಸಗಳಲ್ಲಿ ಈ ಕಾಟ ಇರುವುದಿಲ್ಲ. ಕ್ರೈಸ್ತ ಮನೆಗಳಲ್ಲಿ ಬಳಸುವ ಯೂವರ್ಷನ್ ಬೈಬಲ್ ಆ್ಯಪ್ ಇದಕ್ಕೆ ದೊಡ್ಡ ಉದಾಹರಣೆ. ಅಮೆರಿಕದ ಒಂದು ಚರ್ಚ್ 2008ರಲ್ಲಿ ಶುರುಮಾಡಿದ ಅದರಲ್ಲಿ ಕನ್ನಡ ಬೈಬಲ್ ಕೂಡ ಇದೆ, ಜಾಹೀರಾತಿಲ್ಲ. ಸಂಸ್ಕೃತ ಸ್ತೋತ್ರಗಳ ಪಠ್ಯಕ್ಕೆ sanskritdocuments.org ಎಂಬ ತಾಣ ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತದೆ. ಅಲ್ಲಿನ ಪಠ್ಯವನ್ನು ಕನ್ನಡ ಲಿಪಿಯಲ್ಲೂ ನೋಡಬಹುದು. ವೈದಿಕ ವಿಜ್ಞಾನಂ, ಸ್ತೋತ್ರನಿಧಿ ಎಂಬವೂ ಕನ್ನಡ ಲಿಪಿಯಲ್ಲಿ ಸ್ತೋತ್ರಗಳನ್ನು ಕೊಡುತ್ತವೆ. ಯಾವುದೇ ಆ್ಯಪನ್ನು ಹಿರಿಯರ ಕೈಗೆ ಕೊಡುವ ಮುಂಚೆ ಮೇಲೆ ಹೇಳಿದ ಗುರುತನ್ನು ಅಂದೇ ನೋಡಿ, ನಮ್ಮ ಫೋನಿನಲ್ಲಿ ಎರಡು–ಮೂರು ದಿನ ಬಳಸಿ ಆಮೇಲೆ ಕೊಡುವುದು ಕ್ಷೇಮ. ಮೊದಲ ದಿನ ಸುಮ್ಮನಿದ್ದು, ಬಳಕೆ ಹೆಚ್ಚಿದ ಮೇಲೆ ಜಾಹೀರಾತು ತೋರಿಸುವ ಆ್ಯಪ್‌ಗಳಿವೆ.

ಆ್ಯಪಿಗೆ ಮುಂಚೆ ಪಟ್ಟಿ

ಹಿರಿಯರ ಪಾರಾಯಣಕ್ಕೆ ಸಾವಿರ ಸ್ತೋತ್ರಗಳ ಭಂಡಾರ ಬೇಕಿಲ್ಲ. ಅವರ ಪಟ್ಟಿ ಚಿಕ್ಕದು, ಎಷ್ಟೋ ವರ್ಷದಿಂದ ಬದಲಾಗದ್ದು. ನಮ್ಮ ದೊಡ್ಡಮ್ಮನದು ಹೀಗಿದೆ: ಬೆಳಗ್ಗೆ ಎದ್ದಾಗ ವೆಂಕಟೇಶ ಸುಪ್ರಭಾತ. ಸ್ನಾನವಾದ ಮೇಲೆ ವಿಷ್ಣು ಸಹಸ್ರನಾಮ, ಅದನ್ನು ಕೇಳುತ್ತ ಜೊತೆಗೆ ತಾವೂ ಹೇಳುತ್ತಾರೆ. ಗುರುವಾರ ಅಪ್ಪಣಾಚಾರ್ಯರ ರಾಘವೇಂದ್ರ ಸ್ತೋತ್ರ, ಶುಕ್ರವಾರ ಲಲಿತಾ ಸಹಸ್ರನಾಮ. ಏಕಾದಶಿಗೆ ಹರಿಕಥಾಮೃತಸಾರದ ಒಂದು ಸಂಧಿ. ಸಂಜೆ ದೀಪ ಹಚ್ಚಿದ ಮೇಲೆ ಒಂದಿಷ್ಟು ದಾಸರ ಪದ. ಇದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಂಡರೆ ಕೆಲಸದ ಅರ್ಧ ಮುಗಿದಂತೆ.

ಪಟ್ಟಿಯ ಪ್ರತಿಯೊಂದರ ಎದುರಿಗೆ ಇನ್ನೊಂದು ಮಾತು ಬರೆಯಬೇಕು: ಬರೀ ಕೇಳುವುದೋ, ಜೊತೆಯಲ್ಲಿ ಹೇಳುವುದೋ, ನೋಡಿ ಓದುವುದೋ? ಸುಪ್ರಭಾತ ಕೇಳುವುದು, ಅದಕ್ಕೆ ಗೊತ್ತಾದ ಹೊತ್ತಿಗೆ ತಾನಾಗಿ ಶುರುವಾಗುವುದು ಮುಖ್ಯ. ಸಹಸ್ರನಾಮ ಜೊತೆಗೆ ಹೇಳುವುದು. ಅದಕ್ಕೆ ವೇಗ ಮುಖ್ಯ. ಹರಿಕಥಾಮೃತಸಾರ ಓದುವುದು, ಅದಕ್ಕೆ ಅಕ್ಷರದ ಗಾತ್ರ ಮುಖ್ಯ. ಈ ಮೂರನ್ನೂ ಒಂದೇ ಆ್ಯಪ್ ಮಾಡಬೇಕೆಂದು ಹುಡುಕಹೊರಟಾಗಲೇ ನಾವು ಜಾಹೀರಾತಿನ ಆ್ಯಪ್‌ಗಳ ಕೈಗೆ ಸಿಕ್ಕುವುದು. ಬೇರೆ ಬೇರೆ ಮಾಡಿದರೆ ಫೋನಿನಲ್ಲಿ ಈಗಾಗಲೇ ಇರುವ ಗಡಿಯಾರ, ಒಂದು ಸರಳ ಪ್ಲೇಯರ್ ಮತ್ತು ಒಂದು ಮುದ್ರಿತ ಪುಸ್ತಕದಲ್ಲೇ ಎಲ್ಲವೂ ನಡೆಯುತ್ತದೆ.

ಕೇಳುವವರಿಗೆ ಯಾವ ಧ್ವನಿ ಬೇಕೆಂದು ಅವರನ್ನೇ ಕೇಳಬೇಕು. ಸುಪ್ರಭಾತ ಎಂದರೆ ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಕಂಠವೇ ಆಗಬೇಕು ಎನ್ನುವವರು ಬಹಳ. ದಾಸರ ಪದಕ್ಕೆ ವಿದ್ಯಾಭೂಷಣರದ್ದೇ ಬೇಕು ಎನ್ನುವ ಮನೆಗಳಿವೆ. ಆ್ಯಪ್‌ಗಳಲ್ಲಿ ಅನೇಕ ಸಲ ಹೊಸಬರು ಕೀಬೋರ್ಡು, ತಬಲಾ ಸೇರಿಸಿ ವೇಗವಾಗಿ ಹಾಡಿದ್ದೇ ಇರುತ್ತದೆ. ಜೊತೆಗೆ ಹೇಳುವವರಿಗೆ ಪಾಠಾಂತರದ ತೊಂದರೆಯೂ ಉಂಟು. ಸಹಸ್ರನಾಮದ ಕೆಲವು ಕಡೆ ಸಂಪ್ರದಾಯದಿಂದ ಸಂಪ್ರದಾಯಕ್ಕೆ ಪದ, ಪದವಿಭಾಗ ಬೇರೆ. ಆರಂಭದ ಧ್ಯಾನಶ್ಲೋಕಗಳ ಕ್ರಮವೂ ಬೇರೆ. ಬಾಲ್ಯದಿಂದ ಬಾಯಿಗೆ ಬಂದದ್ದಕ್ಕಿಂತ ಬೇರೆಯದು ಕಿವಿಗೆ ಬಿದ್ದರೆ ಹೇಳುವವರು ತಡವರಿಸುತ್ತಾರೆ, ಮರೆವು ಬಂತೇನೋ ಎಂದು ಹೆದರುತ್ತಾರೆ. ಆದ್ದರಿಂದ ಫೋನಿಗೆ ಹಾಕುವ ಮುಂಚೆ ಒಂದು ಸಲ ಪೂರ್ತಿ ಅವರ ಎದುರಿಗೆ ಹಾಕಿ, ಅವರು ಜೊತೆಯಲ್ಲಿ ಹೇಳುವುದನ್ನು ಕೇಳಿಸಿಕೊಳ್ಳಬೇಕು.

ಕಡತಗಳು ಮನೆಗೆ ಬರುವ ದಾರಿ

ಧ್ವನಿಕಡತ ಎಲ್ಲಿಂದ ತರುವುದು? ಅನೇಕ ಮನೆಗಳ ಬೀರುವಿನಲ್ಲಿ ಹಳೆಯ ಸಿಡಿಗಳಿವೆ. ಸಿಡಿ ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಅವನ್ನು ಎಂಪಿ3 ಮಾಡಿಕೊಳ್ಳಬಹುದು. ಕ್ಯಾಸೆಟ್ ಆಗಿದ್ದರೆ ಅದನ್ನು ಡಿಜಿಟಲ್ ಮಾಡಿಕೊಡುವ ಸ್ಟುಡಿಯೊಗಳಿವೆ. ಕೆಲವು ಮಠಗಳು, ದೇವಸ್ಥಾನಗಳು ತಮ್ಮ ತಾಣಗಳಲ್ಲಿ ಪಾರಾಯಣದ ಧ್ವನಿಯನ್ನು ಇಳಿಸಿಕೊಳ್ಳಲು ಕೊಡುತ್ತವೆ. ಹಕ್ಕಿನ ವಿಷಯವೂ ತಿಳಿದಿರಲಿ: ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ವರ್ಷದ ಮರುವರ್ಷದಿಂದ 60 ವರ್ಷ. 1963ರಲ್ಲಿ ಹೊರಬಂದ ಮುದ್ರಣದ ಹಕ್ಕು 2023ರ ಕೊನೆಗೆ ಮುಗಿಯಿತು. ಹಕ್ಕು ಇನ್ನೂ ಮುಗಿಯದವನ್ನು ಹಕ್ಕುದಾರರು ಕೊಟ್ಟ ದಾರಿಯಲ್ಲೇ ಪಡೆಯಬೇಕು.

ಇನ್ನೊಂದು ದಾರಿ ಬಹಳ ಮನೆಗಳಿಗೆ ಹೊಳೆಯುವುದಿಲ್ಲ. ಮನೆಯಲ್ಲಿ ಚೆನ್ನಾಗಿ ಹೇಳುವವರು ಒಬ್ಬರಿದ್ದರೆ ಅವರ ಧ್ವನಿಯನ್ನೇ ಫೋನಿನ ರೆಕಾರ್ಡರಿನಲ್ಲಿ ಹಿಡಿಯುವುದು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಂದ ಒಂದು ಮೊಳ ದೂರ ಬಟ್ಟೆಯ ಮೇಲಿಟ್ಟು, ಏರೋಪ್ಲೇನ್ ಮೋಡ್‌ನಲ್ಲಿ ಹಾಕಿದರೆ ಕೇಳುವಷ್ಟು ಚೆನ್ನಾಗಿ ಬರುತ್ತದೆ. ದೊಡ್ಡಮ್ಮನ ರಾಘವೇಂದ್ರ ಸ್ತೋತ್ರಕ್ಕೆ ನಾವು ಮಾಡಿದ್ದು ಇದನ್ನೇ. ಹೇಳಿದ್ದು ಅವರ ತಂಗಿ. ಅವರಿಬ್ಬರೂ ಕಲಿತದ್ದು ಒಂದೇ ಮನೆಯಲ್ಲಾದ್ದರಿಂದ ಪಾಠವೂ ಒಂದೇ, ಉಸಿರು ತೆಗೆದುಕೊಳ್ಳುವ ಜಾಗವೂ ಒಂದೇ.

ಜಾಗದ ಚಿಂತೆ ಬೇಡ. 128 ಕೆಬಿಪಿಎಸ್‌ನ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ. ಅರ್ಧ ಗಂಟೆಯ ಸಹಸ್ರನಾಮ 30 ಎಂಬಿಯೊಳಗೆ ಮುಗಿಯುತ್ತದೆ. ದೊಡ್ಡಮ್ಮನ ಇಡೀ ಪಟ್ಟಿ, ಸಂಜೆಯ ಪದಗಳೂ ಸೇರಿ, ಐದು ಗಂಟೆ. ಅಂದರೆ 300 ಎಂಬಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮದುವೆ ವಿಡಿಯೊಗಳು ಇದಕ್ಕಿಂತ ಹೆಚ್ಚು ಜಾಗ ತಿಂದಿರುತ್ತವೆ.

ಪ್ಲೇಯರ್ ಆಗಿ ನಾನು ಆರಿಸಿದ್ದು VLC. ಕಿತ್ತಳೆ–ಬಿಳಿ ಪಟ್ಟೆಯ ಶಂಕುವಿನ ಚಿತ್ರದ್ದು. ವಿಡಿಯೊಲ್ಯಾನ್ ಎಂಬ ಲಾಭದ ಉದ್ದೇಶವಿಲ್ಲದ ಫ್ರಾನ್ಸ್‌ನ ಸಂಸ್ಥೆ ಇದನ್ನು ನಡೆಸುತ್ತದೆ. ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ, ಫೋನಿನಲ್ಲಿರುವ ಕಡತ ನುಡಿಸಲು ಇಂಟರ್ನೆಟ್ ಬೇಕಿಲ್ಲ. ನುಡಿಸುವ ವೇಗವನ್ನು 0.90ಕ್ಕೆ ಇಳಿಸಿದರೆ ಗಾಯಕರ ಧ್ವನಿ ದಪ್ಪವಾಗದೆ ಬರೀ ನಿಧಾನವಾಗುತ್ತದೆ. ಜೊತೆಗೆ ಹೇಳುವಾಗ ಉಸಿರು ಸಾಲದವರಿಗೆ ಇದು ದೊಡ್ಡ ಉಪಕಾರ. ಇಷ್ಟು ಹೊತ್ತಿಗೆ ನಿಲ್ಲಲಿ ಎಂದು ಹೇಳುವ ಸ್ಲೀಪ್ ಟೈಮರ್ ಕೂಡ ಇದೆ. ರಾತ್ರಿ ಕೇಳುತ್ತ ನಿದ್ದೆ ಹೋಗುವವರಿಗೆ ಬೇಕಾಗುತ್ತದೆ.

ಕಡತಗಳನ್ನು ಜೋಡಿಸುವುದರಲ್ಲಿ ತಾಳ್ಮೆ ಬೇಕು. ‘1 ದಿನನಿತ್ಯ’, ‘2 ಗುರುವಾರ’, ‘3 ಶುಕ್ರವಾರ’, ‘4 ದಾಸರ ಪದ’ ಎಂದು ನಾಲ್ಕು ಫೋಲ್ಡರ್ ಮಾಡಿ, ಪ್ರತಿ ಕಡತಕ್ಕೂ ಕನ್ನಡದಲ್ಲೇ ಹೆಸರಿಟ್ಟೆ. ಮೊದಲು ಅಂಕೆ ಹಾಕದಿದ್ದರೆ ಫೋನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ, ದಾಸರ ಪದವನ್ನು ದಿನನಿತ್ಯದ ಮೇಲೆ ತಂದಿಡುತ್ತದೆ. ಹೆಸರು ಬದಲಿಸಿದ ಮೇಲೂ ಪರದೆಯಲ್ಲಿ ಇಂಗ್ಲಿಷ್ ಹೆಸರೇ ಕಾಣುತ್ತಿದ್ದರೆ ಗಾಬರಿ ಬೇಡ. ಎಂಪಿ3 ಕಡತದ ಒಳಗೆ ಹಾಡಿನ ಹೆಸರು ಬೇರೆಯಾಗಿ ಬರೆದಿರುತ್ತದೆ, ಪ್ಲೇಯರ್ ಅದನ್ನು ತೋರಿಸುತ್ತಿರುತ್ತದೆ. ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಆ ಹಾಡು ತೆರೆದು, Tools ಪಟ್ಟಿಯ Media Information ಒತ್ತಿ, Title ಎಂಬಲ್ಲಿ ಕನ್ನಡದಲ್ಲಿ ಬರೆದು Save Metadata ಒತ್ತಿದರೆ ಸರಿಹೋಗುತ್ತದೆ. ಆಮೇಲೆ ಆ ಕಡತವನ್ನು ಮತ್ತೆ ಫೋನಿಗೆ ಹಾಕಬೇಕು.

ಸುಪ್ರಭಾತಕ್ಕೆ ಗಡಿಯಾರವೇ ಸಾಕು

ಬೆಳಗ್ಗೆ ಐದೂವರೆಗೆ ಸುಪ್ರಭಾತ ತಾನಾಗಿ ಬರಬೇಕಾದರೆ ಬೇರೆ ಆ್ಯಪ್ ಬೇಡ. ಫೋನಿನ ಗಡಿಯಾರದಲ್ಲಿ ಅಲಾರಂ ಇಟ್ಟು, ಅದರ ಸದ್ದಾಗಿ ನಮ್ಮ ಕಡತವನ್ನೇ ಆರಿಸಬಹುದು. ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಗೂಗಲ್ ಗಡಿಯಾರದಲ್ಲಿ ಅಲಾರಂ 10 ನಿಮಿಷಕ್ಕೆ ತಾನೇ ಸುಮ್ಮನಾಗುವಂತೆ ಮೊದಲೇ ಹೊಂದಿಸಿರುತ್ತಾರೆ. ಸುಪ್ರಭಾತ ಅರ್ಧಕ್ಕೆ ನಿಂತರೆ ಕಡತ ಕೆಟ್ಟಿದೆಯೆಂದು ನಾವು ತಿಳಿಯುತ್ತೇವೆ. ಗಡಿಯಾರದ ಸೆಟ್ಟಿಂಗ್ಸ್‌ಗೆ ಹೋಗಿ Silence after ಎಂಬಲ್ಲಿ 25 ನಿಮಿಷಕ್ಕೆ ಬದಲಿಸಬೇಕು. ಅಲಾರಂ ಸದ್ದಿನ ಮಟ್ಟವೂ ಹಾಡಿನ ಮಟ್ಟಕ್ಕಿಂತ ಬೇರೆ. ಅದನ್ನು ಇಳಿಸದಿದ್ದರೆ ಮನೆಮಂದಿಯೆಲ್ಲ ಬೆಚ್ಚಿ ಏಳುತ್ತಾರೆ.

ಕೇಳುತ್ತಿರುವಾಗ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಸಹಸ್ರನಾಮದ ಸದ್ದು ಒಂದು ಕ್ಷಣ ಕುಗ್ಗಿ ಮತ್ತೆ ಏಳುತ್ತದೆ. ಮುಂಜಾನೆಯ ಶುಭೋದಯ ಸಂದೇಶಗಳು ಬರುವ ಹೊತ್ತೂ ಅದೇ. ಸೆಟ್ಟಿಂಗ್ಸ್‌ನಲ್ಲಿ Do Not Disturb ತೆರೆದು ಐದೂವರೆಯಿಂದ ಏಳೂವರೆಗೆ ಪ್ರತಿದಿನ ಎಂದು ಹಾಕಿ, ಅಲಾರಂಗೂ ಮೀಡಿಯಾ ಸದ್ದಿಗೂ ಮಕ್ಕಳ ನಂಬರುಗಳಿಂದ ಬರುವ ಕರೆಗೂ ಮಾತ್ರ ಅನುಮತಿ ಕೊಟ್ಟರೆ ಇದು ನಿಲ್ಲುತ್ತದೆ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಂತುಹೋದರೆ ಬ್ಯಾಟರಿ ಉಳಿಸುವ ವ್ಯವಸ್ಥೆ ಪ್ಲೇಯರನ್ನು ಮುಚ್ಚುತ್ತಿದೆ ಎಂದು ತಿಳಿಯಬೇಕು. ಆ ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು Unrestricted ಮಾಡಿದರೆ ಸಾಕು.

ಓದುವುದಕ್ಕೆ ನಾನು ಫೋನನ್ನು ಮುಂದೆ ಮಾಡಲಿಲ್ಲ. ಹರಿಕಥಾಮೃತಸಾರದ 32 ಸಂಧಿಗಳು ದಪ್ಪ ಅಕ್ಷರದ ಪುಸ್ತಕವಾಗಿ ಮನೆಯಲ್ಲೇ ಇವೆ. ಫೋನಿನಲ್ಲೇ ಓದಬೇಕಾದವರು ಸ್ಕ್ಯಾನ್ ಮಾಡಿದ ಪಿಡಿಎಫ್ ಬಿಟ್ಟು ಪಠ್ಯರೂಪದ್ದನ್ನು ಆರಿಸಬೇಕು. ಸ್ಕ್ಯಾನನ್ನು ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗಿ, ಪ್ರತಿ ಪಾದಕ್ಕೂ ಅತ್ತ ಇತ್ತ ಎಳೆಯಬೇಕಾಗುತ್ತದೆ. ಪಠ್ಯವಾದರೆ ಅಕ್ಷರ ದೊಡ್ಡದಾದಂತೆ ಸಾಲು ಮಡಚಿಕೊಳ್ಳುತ್ತದೆ. ಬೇರೆ ಲಿಪಿಯಿಂದ ಯಂತ್ರವೇ ಕನ್ನಡಕ್ಕೆ ತಿರುಗಿಸಿದ ಪಠ್ಯಗಳಲ್ಲಿ ಲ–ಳ ಅದಲುಬದಲಾಗಿರುವುದು, ಅನುಸ್ವಾರ ಎಲ್ಲೆಲ್ಲೋ ಬೀಳುವುದು, ಒತ್ತಕ್ಷರ ಬಿಡಿಬಿಡಿಯಾಗುವುದು ಇವೆ. ಚೆನ್ನಾಗಿ ಬಾಯಿಗೆ ಬರುವ ಒಂದು ಸ್ತೋತ್ರವನ್ನು ಮೊದಲು ತೆರೆದು ಹತ್ತು ಶ್ಲೋಕ ಓದಿ ನೋಡಿದರೆ ಆ ಆ್ಯಪಿನ ಪಠ್ಯ ನಂಬುವಂಥದ್ದೋ ಅಲ್ಲವೋ ಗೊತ್ತಾಗುತ್ತದೆ.

ಇಂಟರ್ನೆಟ್ ಬೇಕೇ ಆದಾಗ

ಎಲ್ಲವನ್ನೂ ಹೀಗೆ ಇಳಿಸಿಟ್ಟುಕೊಳ್ಳಲಾಗದು. ಪ್ರವಚನ ದಿನಕ್ಕೊಂದು ಹೊಸದು. ರಥೋತ್ಸವದ ನೇರಪ್ರಸಾರ ಅಂದಿನದೇ ಆಗಬೇಕು. ಇವುಗಳ ರುಚಿ ಇರುವ ಹಿರಿಯರಿಗೆ ಯೂಟ್ಯೂಬ್‌ನ ಪ್ರೀಮಿಯಂ ಚಂದಾ ಕೊಡಿಸುವುದು ನೇರವಾದ ದಾರಿ. ಯೂಟ್ಯೂಬ್ ಹಾಕುವ ಜಾಹೀರಾತು ನಿಲ್ಲುತ್ತದೆ, ಪರದೆ ಆರಿಸಿದರೂ ಧ್ವನಿ ಬರುತ್ತದೆ. ಪ್ರವಚನದ ನಡುವೆ ಚಾನೆಲ್‌ನವರು ತಾವೇ ಹೇಳಿಸುವ ಪ್ರಚಾರದ ಮಾತು ಮಾತ್ರ ಉಳಿಯುತ್ತದೆ. ಮನೆಮಂದಿ ಸೇರಿ ಕುಟುಂಬದ ಚಂದಾ ತೆಗೆದುಕೊಂಡರೆ ಹಿರಿಯರದು ಅದರಲ್ಲೇ ಸೇರುತ್ತದೆ. ಕಡಿಮೆ ಬೆಲೆಯ ಲೈಟ್ ಚಂದಾ ಮಾತ್ರ ಈ ಕೆಲಸಕ್ಕೆ ಸಲ್ಲದು, ಏಕೆಂದರೆ ಅದರಲ್ಲಿ ಸಂಗೀತದ ವಿಡಿಯೊಗಳಿಗೆ ಜಾಹೀರಾತು ಉಳಿದೇ ಇರುತ್ತದೆ. ಹಾಡಿನ ಆ್ಯಪ್‌ಗಳಲ್ಲಿ ಚಂದಾ ಕೊಟ್ಟು ‘ಡೌನ್‌ಲೋಡ್’ ಮಾಡಿದ್ದು ನಮ್ಮ ಕಡತವಾಗುವುದಿಲ್ಲ ಎಂಬುದೂ ನೆನಪಿರಲಿ. ಸ್ಪಾಟಿಫೈ ಕನಿಷ್ಠ 30 ದಿನಕ್ಕೊಮ್ಮೆ ಇಂಟರ್ನೆಟ್ ಕೇಳುತ್ತದೆ. ಚಂದಾ ಮುಗಿದರೆ ಇಳಿಸಿಕೊಂಡದ್ದೂ ಹೋಗುತ್ತದೆ.

ಜಾಹೀರಾತಿನ ಆ್ಯಪೊಂದನ್ನು ಬಿಡಲಾಗದಿದ್ದರೆ, ಉದಾಹರಣೆಗೆ ರೂಢಿಯಾದ ಪಂಚಾಂಗದ ಆ್ಯಪ್, ಆಂಡ್ರಾಯ್ಡ್ 9 ಮತ್ತು ಆಮೇಲಿನ ಫೋನುಗಳಲ್ಲಿ ಒಂದು ಉಪಾಯವಿದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ Private DNS ಹುಡುಕಿ, ಹೋಸ್ಟ್ ಹೆಸರು ಬರೆಯುವಲ್ಲಿ ಹೀಗೆ ಹಾಕಬೇಕು:

```
dns.adguard-dns.com
```

ಜಾಹೀರಾತು ಸರ್ವರುಗಳ ವಿಳಾಸವನ್ನು ಫೋನಿಗೆ ಹೇಳದೆ ತಡೆಯುವುದು ಇದರ ಕೆಲಸ. ಹೆಚ್ಚಿನ ಆ್ಯಪ್‌ಗಳಲ್ಲಿ ಜಾಹೀರಾತಿನ ಜಾಗ ಖಾಲಿಯಾಗುತ್ತದೆ. ಯೂಟ್ಯೂಬ್‌ನ ಜಾಹೀರಾತು ಇದರಿಂದ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ವಿಡಿಯೊ ಮತ್ತು ಜಾಹೀರಾತು ಒಂದೇ ಕಡೆಯಿಂದ ಬರುತ್ತವೆ. ಆಸ್ಪತ್ರೆ, ಹೋಟೆಲುಗಳ ವೈಫೈಗೆ ಸೇರಲಾಗದಿದ್ದರೆ ಇದನ್ನು ತಾತ್ಕಾಲಿಕವಾಗಿ ಆರಿಸಬೇಕಾದೀತು.

ಪಂಚಾಂಗದ ಆ್ಯಪಿನ ಬಗ್ಗೆ ಇನ್ನೊಂದು ಮಾತು. ಮಾಧ್ವರ ಏಕಾದಶಿ, ಸ್ಮಾರ್ತರ ಏಕಾದಶಿ ಕೆಲವು ಸಲ ಬೇರೆ ದಿನ ಬೀಳುತ್ತವೆ. ಸೂರ್ಯಸಿದ್ಧಾಂತದ ಗಣಿತಕ್ಕೂ ದೃಗ್ಗಣಿತಕ್ಕೂ ತಿಥಿಯ ಗಳಿಗೆಗಳಲ್ಲಿ ವ್ಯತ್ಯಾಸವುಂಟು. ಆ್ಯಪ್ ಯಾವುದನ್ನು ಹಿಡಿದಿದೆ ಎಂದು ನೋಡದೆ ಕೊಟ್ಟರೆ ಹಿರಿಯರ ಉಪವಾಸವೇ ತಪ್ಪೀತು. ತಮ್ಮ ಮಠದ ಪಂಚಾಂಗ ಅಥವಾ ಮನೆಗೆ ವರ್ಷವೂ ತರುವ ಒಂಟಿಕೊಪ್ಪಲ್ ಪಂಚಾಂಗದಂಥ ಪುಸ್ತಕವೇ ಇಲ್ಲಿ ಕೊನೆಯ ಮಾತಾಗಬೇಕು.

ಫೋನೇ ಬೇಡ ಎನ್ನುವವರಿಗೆ ಪೆನ್‌ಡ್ರೈವ್ ಹಾಕುವ ಸ್ಪೀಕರುಗಳಿವೆ. ಹಾಡು ತುಂಬಿಸಿಯೇ ಕೊಡುವ ಸರಿಗಮ ಕಾರವಾನ್ 2017ರಲ್ಲಿ ಬಂದ ಮೇಲೆ ಅಂಥವು ಹಲವು ಬಂದಿವೆ. ಗುಂಡಿ ದೊಡ್ಡವು, ಜಾಹೀರಾತಿಲ್ಲ. ತುಂಬಿಸಿ ಕೊಟ್ಟ ಪಟ್ಟಿ ಕಂಪನಿಯದ್ದಾದ್ದರಿಂದ, ಕೊಳ್ಳುವಾಗ ನಮ್ಮ ಪೆನ್‌ಡ್ರೈವ್ ಹಾಕುವ ಜಾಗ ಇದೆಯೇ ಎಂದು ಕೇಳಿಕೊಳ್ಳಬೇಕು.

ಎಲ್ಲ ಸರಿಯಿದ್ದೂ ಜಾಹೀರಾತು ಬಂದರೆ

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಯಾವ ಆ್ಯಪೂ ತೆರೆಯದೆ ಪರದೆಯ ಮೇಲೆ ಜಾಹೀರಾತು ಬಂತೆಂದರೆ, ಅದು ಹಿಂದೆಂದೋ ತಪ್ಪಿ ಒತ್ತಿದ ಜಾಹೀರಾತಿನಿಂದ ಒಳಸೇರಿದ ಆ್ಯಪಿನ ಕೆಲಸ ಇರಬಹುದು. ‘ಫೋನ್ ಕ್ಲೀನರ್’, ‘ಬ್ಯಾಟರಿ ಬೂಸ್ಟರ್’ ಎಂಬ ಹೆಸರಿನವು ಸಾಮಾನ್ಯ. ಜಾಹೀರಾತು ಕಂಡಾಗಲೇ ಇತ್ತೀಚಿನ ಆ್ಯಪ್‌ಗಳನ್ನು ತೋರಿಸುವ ಗುಂಡಿ ಒತ್ತಿದರೆ ಅದು ಯಾರದೆಂದು ಅನೇಕ ಸಲ ಸಿಕ್ಕಿಬೀಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ Display over other apps ಎಂಬ ಪಟ್ಟಿ ತೆರೆದು, ಗುರುತಿಲ್ಲದ ಹೆಸರಿಗೆ ಅನುಮತಿ ಇದ್ದರೆ ಅದನ್ನು ತೆಗೆದು, ಆ ಆ್ಯಪನ್ನೂ ಅಳಿಸಬೇಕು. ಬೀಗದ ಪರದೆಯ ಮೇಲೆ ಬರುವ ಸುದ್ದಿ–ಚಿತ್ರಗಳಾದರೆ ಅವು ಫೋನಿನ ಜೊತೆಗೇ ಬಂದವು. ಬೀಗದ ಪರದೆಯ ಸೆಟ್ಟಿಂಗಿನಲ್ಲಿ ಆರಿಸಲು ಸಾಧ್ಯ.

ಇಂದು ಜಾಹೀರಾತಿಲ್ಲದ ಆ್ಯಪ್ ನಾಳೆಯ ಅಪ್‌ಡೇಟಿನಲ್ಲಿ ಜಾಹೀರಾತು ತರಬಹುದು. ಮಾಡಿದವರೇ ಅದನ್ನು ಇನ್ನೊಬ್ಬರಿಗೆ ಮಾರುವುದೂ ಉಂಟು. ಚೆನ್ನಾಗಿರುವ ಸ್ತೋತ್ರದ ಆ್ಯಪ್ ಸಿಕ್ಕಿದ್ದರೆ ಪ್ಲೇ ಸ್ಟೋರ್‌ನ ಅದರ ಪುಟದಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ Enable auto update ಎಂಬ ಗುರುತು ತೆಗೆಯಬಹುದು. ಹಣ, ಬ್ಯಾಂಕಿನ ಆ್ಯಪ್‌ಗಳಿಗೆ ಮಾತ್ರ ಹೀಗೆ ಮಾಡಕೂಡದು.

ಕೊನೆಗೆ ಪರೀಕ್ಷೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಹಿರಿಯರ ಕೈಗೆ ಕೊಟ್ಟು, ‘ಇವತ್ತು ಗುರುವಾರ ಅಂದುಕೊಳ್ಳಿ, ಬೆಳಗಿನದೆಲ್ಲ ನೀವೇ ಹಾಕಿಕೊಳ್ಳಿ’ ಎಂದು ಹೇಳಿ ನಾವು ಸುಮ್ಮನೆ ಪಕ್ಕದಲ್ಲಿ ಕೂರಬೇಕು. ಬಾಯಿ ಹಾಕಬಾರದು, ಕೈ ಚಾಚಬಾರದು. ಅವರು ಎಲ್ಲಿ ನಿಂತರು, ಯಾವ ಹೆಸರು ಓದಲಾಗಲಿಲ್ಲ, ಎಲ್ಲಿ ತಪ್ಪಿ ಹಿಂದಕ್ಕೆ ಹೋದರು ಎಂದು ಬರೆದುಕೊಳ್ಳಬೇಕು. ಸರಿಪಡಿಸಬೇಕಾದದ್ದು ಆ ಜಾಗಗಳನ್ನೇ: ಹೆಸರು ಇನ್ನೂ ಚಿಕ್ಕದು ಮಾಡಿ, ಒಂದು ಫೋಲ್ಡರ್ ಕಡಿಮೆ ಮಾಡಿ, ಮುಖಪರದೆಯ ಉಳಿದ ಚಿತ್ರಗಳನ್ನು ಎರಡನೇ ಪುಟಕ್ಕೆ ಸರಿಸಿ. ಇಂಟರ್ನೆಟ್ ಇಲ್ಲದೆ, ನಮ್ಮನ್ನು ಕೂಗದೆ ಇಡೀ ಪಾರಾಯಣವನ್ನು ಅವರು ತಾವೇ ಮುಗಿಸಿದರೆ ಆಯ್ಕೆ ಸರಿಯಾಗಿದೆ. ಒಂದು ಕಡೆಯಾದರೂ ನಮ್ಮ ಕೈ ಬೇಕಾದರೆ ಕೆಲಸ ಇನ್ನೂ ಉಳಿದಿದೆ, ಮತ್ತು ಅದು ಅವರು ಕಲಿಯಬೇಕಾದ ಕೆಲಸವಲ್ಲ, ನಾವು ಮಾಡಿಕೊಡಬೇಕಾದ ಕೆಲಸ.